ಡೆಮೊ ಮರುದಿನದ ಮೇಲ್: ಮೀಟಿಂಗ್‌ಗೆ ಬಾರದ ಆಡಿಟರ್‌ಗೂ ಅರ್ಥವಾಗುವಂತೆ ಬರೆಯುವುದು ಹೇಗೆ?

ಪ್ರಶ್ನೆ: ನಮ್ಮದು ಎಚ್‌ಎಸ್‌ಆರ್ ಬಡಾವಣೆಯ ಸಣ್ಣ ಸಾಫ್ಟ್‌ವೇರ್ ಕಂಪನಿ. ಜಾಬ್ ವರ್ಕ್‌ಗೆ ಹೊರಗೆ ಹೋದ ಮಾಲಿನ ಲೆಕ್ಕ ಇಡುವ ಸಾಫ್ಟ್‌ವೇರ್ ಮಾರುತ್ತೇವೆ. ನಿನ್ನೆ, ಜನವರಿ 20ಕ್ಕೆ, ಪೀಣ್ಯದ ಒಂದು ಟರ್ನಿಂಗ್ ಘಟಕದಲ್ಲಿ ಡೆಮೊ ಕೊಟ್ಟೆ. ಅವರಿಗೆ ಒಂಬತ್ತು ಜಾಬ್ ವರ್ಕರ್‌ಗಳಿದ್ದಾರೆ, ಲೆಕ್ಕವೆಲ್ಲ ಎಕ್ಸೆಲ್‌ನಲ್ಲಿ. ಸ್ಟೋರ್ಸ್ ಇನ್‌ಚಾರ್ಜ್ "ಮಾಲು ನಂಬರ್‌ನಲ್ಲಿ ಹೋಗುತ್ತೆ, ಪ್ಲೇಟಿಂಗ್‌ನಿಂದ ಕೆ.ಜಿ. ಲೆಕ್ಕದಲ್ಲಿ ಬರುತ್ತೆ, ಅಲ್ಲೇ ತಲೆನೋವು" ಅಂದರು. ಎರಡು ಪ್ಲೇಟಿಂಗ್ ಪಾರ್ಟಿಗಳ ಮಾಲಿನ ಮೇಲೆ ಟ್ರಯಲ್ ಮಾಡಲು ಒಪ್ಪಿದರು. ಜಿಎಸ್‌ಟಿಯ ಐಟಿಸಿ-04 ಫಾರಂ ತುಂಬಲು ನಾಲ್ಕು ದಿನ ಹಿಡಿಯುತ್ತದೆ ಎಂದು ಅಕೌಂಟ್ಸ್ ಮೇಡಂ ಹೇಳಿದರು, ಟ್ಯಾಲಿಗೆ ನೇರ ಜೋಡಣೆ ಇದೆಯೇ ಎಂದೂ ಕೇಳಿದರು. ಮಾಲೀಕರು ಕೊನೆಯ ಹತ್ತು ನಿಮಿಷ ಬಂದು, ಬೆಲೆ ಕೇಳಿ (ವರ್ಷಕ್ಕೆ 1,80,000 ರೂಪಾಯಿ ಅಂದೆ), "ಏಪ್ರಿಲ್‌ನಿಂದ ಆದ್ರೆ ಚೆನ್ನಾಗಿರುತ್ತೆ, ಆಡಿಟರ್ ಹತ್ರ ಒಂದ್ಸಲ ಮಾತಾಡಿ ಹೇಳ್ತೀನಿ" ಎಂದು ಹೋದರು. ಹಿಂದೆಲ್ಲ ಡೆಮೊ ಆದ ಮೇಲೆ ಧನ್ಯವಾದ ಹೇಳಿ ಬ್ರೋಷರ್ ಕಳಿಸುತ್ತಿದ್ದೆ, ಉತ್ತರವೇ ಬರುತ್ತಿರಲಿಲ್ಲ. ಈ ಸಲ ಮೇಲ್‌ನಲ್ಲಿ ಏನು ಬರೆಯಲಿ?

ಉತ್ತರ: ಮಾಲೀಕರ ಕೊನೆಯ ಮಾತಿನಿಂದಲೇ ಹೊರಡೋಣ. ನಿಮ್ಮ ಮೇಲ್ ಯಾರ ಕೈಸೇರುತ್ತದೆ ಎಂಬುದು ಅದರಲ್ಲೇ ಇದೆ. ಮಾಲೀಕರು ಆಡಿಟರ್‌ಗೆ ಫೋನ್ ಮಾಡಿ "ಒಂದು ಸಾಫ್ಟ್‌ವೇರ್ ನೋಡಿದ್ವಿ" ಎನ್ನುತ್ತಾರೆ, ಆಡಿಟರ್ "ಏನಿದೆ ಕಳಿಸಿ, ನೋಡ್ತೀನಿ" ಎನ್ನುತ್ತಾರೆ. ಆಗ ಫಾರ್ವರ್ಡ್ ಆಗುವುದು ನಿಮ್ಮ ಮೇಲ್. ಆಡಿಟರ್ ಡೆಮೊ ನೋಡಿಲ್ಲ, ನಿಮ್ಮ ಪರಿಚಯವಿಲ್ಲ, ಓದುವುದು ಮೊಬೈಲ್‌ನಲ್ಲಿ. ಬ್ರೋಷರ್ ಕಳಿಸಿದ್ದರೆ ಅವರಿಗೆ ಕಾಣುವುದು ನಿಮ್ಮ ಸಾಫ್ಟ್‌ವೇರ್‌ನ ಗುಣಗಾನ ಮಾತ್ರ. ತಮ್ಮ ಕಕ್ಷಿದಾರರ ಕಾರ್ಖಾನೆಯಲ್ಲಿ ಯಾವ ಲೆಕ್ಕ ತಪ್ಪುತ್ತಿದೆ, ಅದು ಸರಿಹೋಗುತ್ತದೆಯೇ, ಯಾವಾಗಿನಿಂದ, ಎಷ್ಟು ಹಣ ಎಂಬ ನಾಲ್ಕು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರುವುದಿಲ್ಲ. ಆದ್ದರಿಂದ ಸ್ಟೋರ್ಸ್ ಇನ್‌ಚಾರ್ಜ್ ಅವರ ಹೆಸರಿಗೆ ಬರೆಯಿರಿ, ಆದರೆ ಆಡಿಟರ್ ಓದುತ್ತಾರೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಿರಿ.

ಮೊದಲು ಅವರ ಅಗತ್ಯಗಳು. ಇಲ್ಲಿ ಹೆಚ್ಚಿನವರು ಜಾರುವುದು ಒಂದೇ ಕಡೆ. ಗ್ರಾಹಕರು ಹೇಳಿದ ಕಷ್ಟವನ್ನು ತಮ್ಮ ಸಾಫ್ಟ್‌ವೇರ್‌ನ ಮೆನು ಭಾಷೆಗೆ ತಿರುಗಿಸಿಬಿಡುತ್ತಾರೆ. "ನಿಮಗೆ ಬಹು ಅಳತೆ ಘಟಕಗಳ ದಾಸ್ತಾನು ನಿರ್ವಹಣಾ ವ್ಯವಸ್ಥೆ ಬೇಕಾಗಿದೆ" ಎಂದು ಬರೆದರೆ ಸ್ಟೋರ್ಸ್‌ನವರಿಗೆ ಅದು ತಮ್ಮ ಮಾತು ಅನ್ನಿಸುವುದಿಲ್ಲ. "ಮಾಲು ನಂಬರ್‌ನಲ್ಲಿ ಹೋಗುತ್ತದೆ, ಕೆ.ಜಿ. ಲೆಕ್ಕದಲ್ಲಿ ಬರುತ್ತದೆ, ಹಾಗಾಗಿ ಪ್ಲೇಟಿಂಗ್‌ನವರ ಹತ್ತಿರ ಎಷ್ಟು ಉಳಿದಿದೆ ಎಂದು ಖಚಿತವಾಗಿ ಹೇಳಲಾಗುತ್ತಿಲ್ಲ" ಎಂದು ಬರೆಯಿರಿ. ಅವರೇ ಆಡಿದ ಮಾತು ಬರಹದಲ್ಲಿ ಕಂಡರೆ, ಮಾಲೀಕರು ಕೇಳಿದಾಗ "ಹೌದು ಸರ್, ಇದೇ ಪ್ರಾಬ್ಲಂ" ಎನ್ನಲು ಅವರಿಗೆ ಸುಲಭ.

ಅದರ ಜೊತೆಗೆ, ಆ ಕಷ್ಟದಿಂದ ಏನು ಕೆಡುತ್ತಿದೆ ಎಂಬುದನ್ನು ಒಂದು ಲೆಕ್ಕದಲ್ಲಿ ತೋರಿಸಿ. ಉದಾಹರಣೆಗೆ, 18 ಗ್ರಾಂ ತೂಕದ ಪಿನ್ 5,000 ಹೋಯಿತು ಎನ್ನಿ, ಅಂದರೆ 90 ಕೆ.ಜಿ. ಜಿಂಕ್ ಲೇಪ ಕೂತ ಮೇಲೆ ತೂಕ ಸ್ವಲ್ಪ ಏರಿ 90.3 ಕೆ.ಜಿ. ಆಗಿ ಬಂತು. ಎಕ್ಸೆಲ್‌ನಲ್ಲಿ ಇದನ್ನು ಹಳೆಯ 18 ಗ್ರಾಂನಿಂದಲೇ ಭಾಗಿಸಿದರೆ 5,016 ಪಿನ್ ಎಂದು ಬರುತ್ತದೆ. ಕಳಿಸಿದ್ದಕ್ಕಿಂತ 16 ಹೆಚ್ಚು ವಾಪಸ್ ಬರಲು ಸಾಧ್ಯವೇ? ಯಾರಾದರೂ ಅದನ್ನು ನೋಡಿ ನಕ್ಕು ಬಿಡಬಹುದು. ನಿಜವಾದ ನಷ್ಟ ಇದರ ಮಗ್ಗುಲಲ್ಲಿದೆ. ಪ್ಲೇಟಿಂಗ್‌ನಲ್ಲಿ 16 ಪಿನ್ ಕಳೆದುಹೋಗಿದ್ದರೆ ಕಾಗದದಲ್ಲಿ ಲೆಕ್ಕ ಸರಿಯಾಗಿ 5,000 ಎಂದೇ ತೋರುತ್ತದೆ, ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಲೇಪವಾದ ಪೀಸ್‌ನ ತೂಕವನ್ನು ಬೇರೆಯಾಗಿ ದಾಖಲಿಸಿ, ವಾಪಸ್ ಬಂದದ್ದನ್ನು ಅದರಿಂದ ಭಾಗಿಸಬೇಕು. ಡೆಮೊದಲ್ಲಿ ಇದನ್ನು ತೋರಿಸಿದ್ದರೆ ಮೇಲ್‌ನಲ್ಲಿ ಎರಡು ಸಾಲು ಸಾಕು. ತೋರಿಸದಿದ್ದರೆ, ತೋರಿಸಿದೆವು ಎಂದು ಬರೆಯಬೇಡಿ, ಟ್ರಯಲ್‌ನಲ್ಲಿ ತೋರಿಸುತ್ತೇವೆ ಎನ್ನಿ. ಲೆಕ್ಕದ ಅಂಕಿಗಳು ಅವರ ಪೀಸ್‌ಗಳದ್ದೇ ಇರಲಿ. ಒಂದು ಫೋನ್ ಮಾಡಿ ಲೇಪಕ್ಕೆ ಮೊದಲಿನ ತೂಕ, ಆಮೇಲಿನ ತೂಕ ಕೇಳಿಕೊಂಡರೆ ಆಯಿತು.

ಎರಡನೆಯ ಅಗತ್ಯ ಆಡಿಟರ್‌ಗೆ ನೇರವಾಗಿ ತಾಗುವಂಥದ್ದು. ಜಾಬ್ ವರ್ಕ್‌ಗೆ ಕಳಿಸಿದ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು ಎಂದು ಸಿಜಿಎಸ್‌ಟಿ ಕಾಯಿದೆಯ 143ನೇ ಕಲಂ ಹೇಳುತ್ತದೆ, ಯಂತ್ರಗಳಂಥ ಬಂಡವಾಳ ಸರಕಿಗೆ ಮೂರು ವರ್ಷ. ಬಾರದಿದ್ದರೆ ಕಳಿಸಿದ ದಿನವೇ ಮಾರಾಟವಾದಂತೆ ಲೆಕ್ಕ ಹಿಡಿದು ಬಡ್ಡಿಸಮೇತ ತೆರಿಗೆ ಕಟ್ಟಬೇಕಾಗುತ್ತದೆ. ಡೆಲಿವರಿ ಚಲನ್, ಅಂದರೆ ಡಿಸಿ ಪ್ರಕಾರ ಎಷ್ಟು ಹೋಯಿತು, ಎಷ್ಟು ಬಂತು ಎಂಬ ವಿವರವನ್ನೇ ಐಟಿಸಿ-04ರಲ್ಲಿ ಕೊಡುವುದು. ವಹಿವಾಟು 5 ಕೋಟಿ ಮೀರಿದವರು ಆರು ತಿಂಗಳಿಗೊಮ್ಮೆ, ಉಳಿದವರು ವರ್ಷಕ್ಕೊಮ್ಮೆ ಸಲ್ಲಿಸುತ್ತಾರೆ. ಇಬ್ಬರಿಗೂ ಮಾರ್ಚ್‌ಗೆ ಮುಗಿಯುವ ಅವಧಿಯ ಗಡುವು ಏಪ್ರಿಲ್ 25. ಈ ಪಾಠವನ್ನೆಲ್ಲ ಮೇಲ್‌ನಲ್ಲಿ ಬರೆಯಬೇಡಿ. ಆಡಿಟರ್‌ಗೆ ಕಾಯಿದೆ ಹೇಳಿಕೊಡಲು ಹೋದರೆ ಕೆಲಸ ಕೆಡುತ್ತದೆ. "ಯಾವ ಡಿಸಿಯ ಮಾಲು ಹತ್ತು ತಿಂಗಳು ದಾಟಿದೆ ಎಂಬ ಪಟ್ಟಿ ಈಗ ಒಂದೇ ಕಡೆ ಸಿಗುತ್ತಿಲ್ಲ, ಐಟಿಸಿ-04ಕ್ಕೆ ನಾಲ್ಕು ದಿನ ಹೋಗುತ್ತಿದೆ" ಎಂದಷ್ಟೇ ಬರೆಯಿರಿ. ಉಳಿದದ್ದು ಅವರಿಗೆ ಗೊತ್ತು. ಹತ್ತು ತಿಂಗಳು ದಾಟಿದ ಪಟ್ಟಿಯ ಮಾತು ಡೆಮೊದಲ್ಲಿ ಬಂದೇ ಇಲ್ಲವಾದರೆ ಅದನ್ನು ಅವರ ಅಗತ್ಯವೆಂದು ತೂರಿಸಬೇಡಿ. ಪ್ರಶ್ನೆಯಾಗಿ ಕೇಳಿ.

ಅಗತ್ಯಗಳು ಮೂರಕ್ಕೆ ನಿಲ್ಲಲಿ. ಡೆಮೊದಲ್ಲಿ ಹನ್ನೊಂದು ವಿಷಯ ಬಂದಿರಬಹುದು. ಹನ್ನೊಂದನ್ನೂ ಬರೆದರೆ ಟ್ರಯಲ್‌ನಲ್ಲಿ ಹನ್ನೊಂದನ್ನೂ ಸಾಬೀತು ಮಾಡಬೇಕಾಗುತ್ತದೆ. ಯಾವ ಕಷ್ಟ ಹೇಳುವಾಗ ಅವರ ದನಿ ಏರಿತೋ, ಯಾವುದಕ್ಕೆ ದಿನ ಅಥವಾ ದುಡ್ಡಿನ ಲೆಕ್ಕ ಕೊಟ್ಟರೋ ಅವನ್ನು ಇಟ್ಟುಕೊಳ್ಳಿ.

ಟ್ಯಾಲಿಯ ಪ್ರಶ್ನೆಗೆ ಬನ್ನಿ. ನಿಮ್ಮಲ್ಲಿ ನೇರ ಜೋಡಣೆ ಇಲ್ಲ, ದಿನದ ಕೊನೆಗೆ ಫೈಲ್ ತೆಗೆದು ಟ್ಯಾಲಿಗೆ ಹಾಕಬೇಕು ಎಂದಿಟ್ಟುಕೊಳ್ಳೋಣ. ಅದನ್ನು ಹಾಗೆಯೇ ಬರೆಯಿರಿ, "ನೇರ ಜೋಡಣೆ ಇವತ್ತು ಇಲ್ಲ" ಎಂಬ ಮಾತಿನಿಂದಲೇ. "ಟ್ಯಾಲಿಗೆ ಹೊಂದುತ್ತದೆ" ಎಂಬ ಜಾಣ ಮಾತು ಮೇಡಂಗೆ ಒಂದು ಅರ್ಥ, ನಿಮಗೆ ಇನ್ನೊಂದು. ಅದು ಬಯಲಾಗುವುದು ದುಡ್ಡು ಕೊಟ್ಟ ಮೇಲೆ, ಆಗ ಜಗಳ. ನಿಮ್ಮ ಡೆವಲಪರ್‌ಗಳು "ಮುಂದಿನ ತಿಂಗಳು ಬರುತ್ತೆ" ಎಂದಿದ್ದರೂ ಆ ದಿನಾಂಕವನ್ನು ಮೇಲ್‌ಗೆ ಹಾಕಬೇಡಿ. ಮಾಹಿತಿ ತಂತ್ರಜ್ಞಾನ ಕಾಯಿದೆಯ 10ಎ ಕಲಂ ಪ್ರಕಾರ, ಒಪ್ಪಂದ ವಿದ್ಯುನ್ಮಾನ ರೂಪದಲ್ಲಾಯಿತು ಎಂಬ ಒಂದೇ ಕಾರಣಕ್ಕೆ ಅದನ್ನು ಜಾರಿಮಾಡಲಾಗದು ಎನ್ನುವಂತಿಲ್ಲ. ಪಿಒ ಬರುವ ಮುಂಚೆ ಬರೆದ ಭರವಸೆಯನ್ನೂ ಆಮೇಲೆ ತೆಗೆದು ತೋರಿಸಬಹುದು. ಇಲ್ಲದ್ದನ್ನು ಇಲ್ಲ ಎಂದು ಬರೆದ ಸಾಲಿಗೆ ಇನ್ನೊಂದು ಲಾಭವಿದೆ. ಆಡಿಟರ್ ಅದನ್ನು ಓದಿದ ಮೇಲೆ ಉಳಿದ ಸಾಲುಗಳನ್ನು ನಂಬುತ್ತಾರೆ.

ಇನ್ನು ಮುಂದಿನ ಹೆಜ್ಜೆಗಳು. ಒಪ್ಪಿದ್ದು ಮತ್ತು ನೀವು ಸೂಚಿಸುತ್ತಿರುವುದು, ಇವೆರಡನ್ನೂ ಬೆರೆಸಬೇಡಿ. ನಿಮ್ಮ ವಿಷಯದಲ್ಲಿ ನಿಜವಾಗಿ ಒಪ್ಪಿಗೆಯಾಗಿರುವುದು ಒಂದೇ: ಎರಡು ಪಾರ್ಟಿಗಳ ಮಾಲಿನ ಮೇಲೆ ಟ್ರಯಲ್. ದಿನಾಂಕ ಒಪ್ಪಿಗೆಯಾಗಿಲ್ಲ, ಏನು ಬಂದರೆ ಪಾಸ್ ಎಂಬುದೂ ಆಗಿಲ್ಲ. ಮಾಲೀಕರು "ಏಪ್ರಿಲ್‌ನಿಂದ ಆದ್ರೆ ಚೆನ್ನಾಗಿರುತ್ತೆ" ಅಂದರು. ಅದು ಆಸೆ, ಒಪ್ಪಿಗೆ ಅಲ್ಲ. "ತಾವು ಏಪ್ರಿಲ್‌ಗೆ ಒಪ್ಪಿದಂತೆ" ಎಂದು ಬರೆದರೆ ಮಾಲೀಕರು ಸಿಡುಕಿ ಮೇಲ್ ಮುಚ್ಚುತ್ತಾರೆ. "ಏಪ್ರಿಲ್‌ನಿಂದ ಆದರೆ ಒಳ್ಳೆಯದು ಎಂದಿರಿ, ಅದನ್ನು ಹಿಡಿದು ಹಿಂದಕ್ಕೆ ಲೆಕ್ಕ ಹಾಕಿದ್ದೇನೆ, ದಿನಾಂಕಗಳು ನನ್ನ ಸೂಚನೆ" ಎಂದರೆ ಯಾರಿಗೂ ನೋವಿಲ್ಲ.

ಪ್ರತಿ ಹೆಜ್ಜೆಗೂ ಮಾಡುವವರು ಯಾರು, ಯಾವ ದಿನ ಎಂಬುದು ಬೇಕು. ಅವರ ಕಡೆಯಿಂದ ಕನಿಷ್ಠ ಎರಡು ಹೆಜ್ಜೆ ಇರಲಿ. ಎಲ್ಲ ಹೆಜ್ಜೆಗಳೂ ನಿಮ್ಮವೇ ಆದರೆ ಅವರು ಕೂತು ನೋಡುತ್ತಾರೆ ಅಷ್ಟೆ. ಮೊದಲ ಹೆಜ್ಜೆ ಚಿಕ್ಕದಾಗಿರಬೇಕು, ಒಬ್ಬರೇ ಯಾರನ್ನೂ ಕೇಳದೆ ಮಾಡುವಂತಿರಬೇಕು. ಇಲ್ಲಿ ಅದು ಸ್ಟೋರ್ಸ್‌ನವರು ಎರಡು ಪಾರ್ಟಿಗಳ ಡಿಸೆಂಬರ್ ಡಿಸಿಗಳ ಎಕ್ಸೆಲ್ ಕಳಿಸುವುದು. ಅದು ಬಂದರೆ ವ್ಯವಹಾರ ನಡೆಯುತ್ತಿದೆ ಎಂದರ್ಥ.

ಟ್ರಯಲ್‌ಗೆ ಪಾಸ್-ಫೇಲ್ ಅಳತೆಯನ್ನು ಮೊದಲೇ ಬರೆಯಿರಿ. ಇಲ್ಲವಾದರೆ ಹತ್ತು ದಿನ ಆದ ಮೇಲೆ "ಚೆನ್ನಾಗಿದೆ, ಇನ್ನೂ ಸ್ವಲ್ಪ ದಿನ ನೋಡೋಣ" ಎಂಬ ಮಾತು ಬರುತ್ತದೆ, ಅದಕ್ಕೆ ಕೊನೆಯಿಲ್ಲ. ಇಲ್ಲಿ ಸಹಜವಾದ ಅಳತೆ ಹೀಗಿರಬಹುದು: ಹತ್ತನೇ ದಿನ ಸಾಫ್ಟ್‌ವೇರ್ ತೋರಿಸುವ ಬ್ಯಾಲೆನ್ಸನ್ನು ಪ್ಲೇಟಿಂಗ್‌ನವರ ಹತ್ತಿರ ಇರುವ ಮಾಲಿಗೆ ತಾಳೆ ನೋಡುವುದು, ವ್ಯತ್ಯಾಸ ಬಂದ ಪ್ರತಿ ಪೀಸ್‌ಗೂ ಯಾವ ಡಿಸಿ ಎಂದು ಹೇಳಲಾಗಬೇಕು. ಎಷ್ಟು ವ್ಯತ್ಯಾಸ ಒಪ್ಪಿತ ಎಂಬುದನ್ನು ಸ್ಟೋರ್ಸ್‌ನವರೇ ಹೇಳಲಿ. ತೂಕದ ಲೆಕ್ಕದಲ್ಲಿ ಶೂನ್ಯ ವ್ಯತ್ಯಾಸ ನೀವಾಗಿ ಒಪ್ಪಿಕೊಂಡರೆ ತಕ್ಕಡಿಯ ತಪ್ಪಿಗೂ ನೀವೇ ಹೊಣೆ.

ಈಗ ತೀರ್ಮಾನದ ದಿನ. ನಿಮ್ಮ ತಿಂಗಳ ಟಾರ್ಗೆಟ್ ನೋಡಿ "31ರೊಳಗೆ ಆರ್ಡರ್ ಕೊಟ್ಟರೆ ರಿಯಾಯಿತಿ" ಎನ್ನುವ ದಿನಾಂಕ ಅವರಿಗೆ ನಿಮ್ಮ ಗಡುವಾಗಿಯೇ ಕಾಣುತ್ತದೆ. ಅವರ ಕ್ಯಾಲೆಂಡರ್‌ನಲ್ಲಿ ಆಗಲೇ ಇರುವ ದಿನದಿಂದ ಹಿಂದಕ್ಕೆ ಬನ್ನಿ. ಏಪ್ರಿಲ್ 1ಕ್ಕೆ ಹೊಸ ಹಣಕಾಸು ವರ್ಷ, ಡಿಸಿ ಸಂಖ್ಯೆ ಹೊಸದಾಗಿ ಶುರುಮಾಡಲು ಅನುಕೂಲ. ಅದರ ಹಿಂದಿನ ದಿನ, ಮಾರ್ಚ್ 31ಕ್ಕೆ, ಒಂಬತ್ತು ಪಾರ್ಟಿಗಳ ಹತ್ತಿರ ಇರುವ ಮಾಲನ್ನು ಹೇಗೂ ಎಣಿಸಬೇಕು. ಆ ಎಣಿಕೆಯೇ ಸಾಫ್ಟ್‌ವೇರ್‌ನ ಆರಂಭದ ಬ್ಯಾಲೆನ್ಸ್ ಆಗುತ್ತದೆ. ಹಾಗಾದರೆ ಐಟಂ ಪಟ್ಟಿ, ಪೀಸ್ ತೂಕ, ಜಾಬ್ ವರ್ಕ್ ದರ ತುಂಬುವುದು ಮತ್ತು ತರಬೇತಿ ಅದಕ್ಕೆ ಮುಂಚೆ ಮುಗಿದಿರಬೇಕು. ಮಾರ್ಚ್ ಕೊನೆಯ ಎರಡು ವಾರ ಅಕೌಂಟ್ಸ್‌ನವರು ವರ್ಷದ ಲೆಕ್ಕ ಮುಗಿಸುವುದರಲ್ಲಿ ಮುಳುಗಿರುತ್ತಾರೆ, ಆಸುಪಾಸಿನಲ್ಲಿ ಯುಗಾದಿಯೂ ಬರುತ್ತದೆ. ಆದ್ದರಿಂದ ಕೆಲಸಕ್ಕೆ ಸಿಗುವುದು ಮಾರ್ಚ್ 2ರಿಂದ 14ರವರೆಗೆ. ಪಿಒ, ವೆಂಡರ್ ನೋಂದಣಿ ಫಾರಂ, ಜಿಎಸ್‌ಟಿ ಪ್ರಮಾಣಪತ್ರ, ಪ್ಯಾನ್, ರದ್ದು ಮಾಡಿದ ಚೆಕ್, ಮುಂಗಡ ಹಣ ಇವಕ್ಕೆಲ್ಲ ಹತ್ತು ದಿನ ಇಟ್ಟರೆ ತೀರ್ಮಾನ ಫೆಬ್ರವರಿ 16ರ ಸೋಮವಾರಕ್ಕೆ ಬಂದು ನಿಲ್ಲುತ್ತದೆ. ಟ್ರಯಲ್ ಜನವರಿ 28ರಿಂದ ಫೆಬ್ರವರಿ 7, ಶನಿವಾರ ಕೆಲಸವಿದ್ದರೆ ಸರಿಯಾಗಿ ಹತ್ತು ದಿನ. 9ಕ್ಕೆ ಫಲಿತಾಂಶ ನೋಡಲು ಅರ್ಧ ಗಂಟೆ.

ಒಂದು ಸಣ್ಣ ಎಚ್ಚರಿಕೆ. ತಿಂಗಳಿಗೊಮ್ಮೆ ಜಿಎಸ್‌ಟಿ ಸಲ್ಲಿಸುವವರಿಗೆ 11 ಮತ್ತು 20ನೇ ತಾರೀಖು ಗಡುವಿನ ದಿನಗಳು. ಆ ದಿನ, ಅದರ ಹಿಂದಿನ ದಿನ ಅಕೌಂಟ್ಸ್ ಮೇಡಂಗೆ ಮೀಟಿಂಗ್ ಇಡಬೇಡಿ. ದಿನಾಂಕದ ಪಕ್ಕ ವಾರವನ್ನೂ ಬರೆಯಿರಿ. ತಾರೀಖು ತಪ್ಪಿದ್ದರೆ ವಾರ ಹೊಂದದೆ ಅಲ್ಲೇ ಸಿಕ್ಕಿಬೀಳುತ್ತದೆ.

ಬೆಲೆ ಡೆಮೊದಲ್ಲೇ ಹೇಳಿಬಿಟ್ಟಿದ್ದೀರಿ, ಹಾಗಾಗಿ ಮೇಲ್‌ನಲ್ಲಿ ಬಿಡುವಂತಿಲ್ಲ. 1,80,000ಕ್ಕೆ ಶೇ. 18 ಜಿಎಸ್‌ಟಿ 32,400, ಒಟ್ಟು 2,12,400. ಒಟ್ಟು ಮೊತ್ತವನ್ನೂ ಬರೆಯಿರಿ. ಇಲ್ಲದಿದ್ದರೆ ಮಾಲೀಕರ ತಲೆಯಲ್ಲಿ 1.8 ಲಕ್ಷ ಕೂತಿರುತ್ತದೆ, ಕೊಟೇಶನ್ ನೋಡಿದ ದಿನ ಬೆಲೆ ಏರಿಸಿದಿರಿ ಅನ್ನಿಸುತ್ತದೆ.

ಇಷ್ಟನ್ನೂ ಸೇರಿಸಿ ಮೇಲ್ ಹೀಗಾಗುತ್ತದೆ. ಮಾತುಕತೆ ಕನ್ನಡದಲ್ಲಿ ನಡೆದಿದ್ದರಿಂದ ಕನ್ನಡದಲ್ಲೇ ಬರೆದಿದ್ದೇನೆ. ಆಡಿಟರ್ ಕನ್ನಡ ಓದುವುದಿಲ್ಲವೆಂದು ಗೊತ್ತಾದರೆ ಇದೇ ಕ್ರಮದಲ್ಲಿ ಇಂಗ್ಲಿಷಿನಲ್ಲಿ ಬರೆಯಿರಿ.

> ವಿಷಯ: ಜಾಬ್ ವರ್ಕ್ ಲೆಕ್ಕ: ಜ. 28ರಿಂದ ಟ್ರಯಲ್, ಫೆ. 16ಕ್ಕೆ ತೀರ್ಮಾನ
>
> ನಮಸ್ಕಾರ ಸರ್, ಮೇಡಂ,
>
> ನಿನ್ನೆ ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ಏಪ್ರಿಲ್ 1ರಿಂದ ಶುರುವಾಗಬೇಕಾದರೆ ಫೆಬ್ರವರಿ 16, ಸೋಮವಾರದೊಳಗೆ ತೀರ್ಮಾನ ಬೇಕಾಗುತ್ತದೆ. ಏಕೆಂದು ಕೆಳಗೆ ಬರೆದಿದ್ದೇನೆ. ನಾನು ತಪ್ಪಾಗಿ ಕೇಳಿಸಿಕೊಂಡಿದ್ದರೆ ದಯವಿಟ್ಟು ತಿದ್ದಿ.
>
> ನೀವು ಹೇಳಿದ್ದು
> 1. ಮಾಲು ನಂಬರ್‌ನಲ್ಲಿ ಹೋಗಿ ಕೆ.ಜಿ. ಲೆಕ್ಕದಲ್ಲಿ ಬರುತ್ತದೆ. ಪ್ಲೇಟಿಂಗ್‌ನವರ ಹತ್ತಿರ ಎಷ್ಟು ಉಳಿದಿದೆ ಎಂದು ಖಚಿತವಾಗಿ ತಿಳಿಯುತ್ತಿಲ್ಲ.
> 2. ಒಂಬತ್ತು ಪಾರ್ಟಿಗಳ ಲೆಕ್ಕ ಎಕ್ಸೆಲ್‌ನಲ್ಲಿದೆ. ಐಟಿಸಿ-04ಕ್ಕೆ ನಾಲ್ಕು ದಿನ ಹಿಡಿಯುತ್ತದೆ.
> 3. ಟ್ಯಾಲಿಯಲ್ಲಿ ಎರಡನೇ ಸಲ ಎಂಟ್ರಿ ಮಾಡುವಂತಾಗಬಾರದು.
>
> ಮೊದಲ ಎರಡನ್ನು ಟ್ರಯಲ್‌ನಲ್ಲಿ ನಿಮ್ಮದೇ ಡಿಸಿಗಳ ಮೇಲೆ ತೋರಿಸುತ್ತೇವೆ. ಮೂರನೆಯದಕ್ಕೆ: ಟ್ಯಾಲಿಗೆ ನೇರ ಜೋಡಣೆ ಇವತ್ತು ಇಲ್ಲ. ದಿನಕ್ಕೊಮ್ಮೆ ಫೈಲ್ ತೆಗೆದು ಟ್ಯಾಲಿಗೆ ಹಾಕಬೇಕು. ಅದು ನಿಮಗೆ ಸಾಕೇ ಎಂದು ಟ್ರಯಲ್‌ನಲ್ಲಿ ಮೇಡಂ ನೋಡಿ ಹೇಳಲಿ.
>
> ನಿನ್ನೆ ಒಪ್ಪಿದ್ದು: ಎರಡು ಪ್ಲೇಟಿಂಗ್ ಪಾರ್ಟಿಗಳ ಮಾಲಿನ ಮೇಲೆ ಟ್ರಯಲ್.
>
> ದಿನಾಂಕಗಳು (ನನ್ನ ಸೂಚನೆ)
> ಜ. 23, ಶುಕ್ರವಾರ: ಡಿಸೆಂಬರ್ ಡಿಸಿಗಳ ಎಕ್ಸೆಲ್ (ಸ್ಟೋರ್ಸ್‌ನಿಂದ)
> ಜ. 28, ಬುಧವಾರ – ಫೆ. 7, ಶನಿವಾರ: ಟ್ರಯಲ್, ಮೊದಲ ದಿನ ನಾನು ಅಲ್ಲೇ ಇರುತ್ತೇನೆ
> ಫೆ. 9, ಸೋಮವಾರ ಸಂಜೆ 4: ಪಾರ್ಟಿಯ ಹತ್ತಿರದ ಮಾಲಿಗೆ ತಾಳೆ ನೋಡುವುದು, ಅರ್ಧ ಗಂಟೆ. ಎಷ್ಟು ವ್ಯತ್ಯಾಸದವರೆಗೆ ಸರಿ ಎಂದು ನೀವು ತಿಳಿಸಿ
> ಫೆ. 16, ಸೋಮವಾರ: ಬೇಕು ಅಥವಾ ಬೇಡ (ಮಾಲೀಕರಿಂದ)
> ಮಾ. 2–14: ಐಟಂ ಪಟ್ಟಿ, ದರ, ತರಬೇತಿ (ನಮ್ಮಿಂದ)
> ಮಾ. 31: ಪಾರ್ಟಿಗಳ ಹತ್ತಿರದ ಮಾಲಿನ ಎಣಿಕೆ (ಸ್ಟೋರ್ಸ್‌ನಿಂದ)
> ಏ. 1: ಮೊದಲ ಡಿಸಿ
>
> ಮಾರ್ಚ್ ಕೊನೆಯ ಎರಡು ವಾರ ಅಕೌಂಟ್ಸ್‌ಗೆ ತೊಂದರೆ ಕೊಡಬಾರದು ಎಂದು ಕೆಲಸವನ್ನು 14ರೊಳಗೆ ಇಟ್ಟಿದ್ದೇನೆ.
>
> ಬೆಲೆ: ವರ್ಷಕ್ಕೆ ರೂ. 1,80,000, ಜಿಎಸ್‌ಟಿ 32,400, ಒಟ್ಟು 2,12,400.
>
> ಆಡಿಟರ್ ಅವರಿಗೆ ಪ್ರಶ್ನೆಗಳಿದ್ದರೆ ಹದಿನೈದು ನಿಮಿಷ ಫೋನ್‌ನಲ್ಲಿ ಮಾತಾಡಲು ನಾನು ಸಿದ್ಧ. ಸದ್ಯಕ್ಕೆ ಒಂದೇ ಪ್ರಶ್ನೆ: ಶುಕ್ರವಾರ ಡಿಸೆಂಬರ್ ಡಿಸಿಗಳನ್ನು ಕಳಿಸಲು ಆಗುತ್ತದೆಯೇ?

ಮೂರನೇ ಅಗತ್ಯವನ್ನು ನಾನು ಊಹಿಸಿ ಬರೆದಿದ್ದೇನೆ. ಮೇಡಂ ಜೋಡಣೆ ಇದೆಯೇ ಎಂದು ಮಾತ್ರ ಕೇಳಿದ್ದು. ಅದರ ಹಿಂದಿನ ಚಿಂತೆ ಎರಡನೇ ಎಂಟ್ರಿಯೋ, ಜಾಬ್ ವರ್ಕ್ ಬಿಲ್‌ಗಳನ್ನು ತಾಳೆ ನೋಡುವುದೋ ನೀವು ಕೇಳಿ ತಿಳಿದು ಬದಲಿಸಿ. ಈ ಮೇಲ್‌ನ ಕೊನೆಯ ಪ್ರಶ್ನೆಯನ್ನೂ ಗಮನಿಸಿ. "ತಮ್ಮ ಅಭಿಪ್ರಾಯ ತಿಳಿಸಿ" ಎಂದು ಕೇಳಿದರೆ ಉತ್ತರ ಕೊಡಲು ಅವರು ಕೂತು ಯೋಚಿಸಬೇಕು, ಹಾಗಾಗಿ ನಾಳೆಗೆ ಹೋಗುತ್ತದೆ. ಶುಕ್ರವಾರ ಆಗುತ್ತದೆಯೇ ಎಂದರೆ ಆಗುತ್ತೆ, ಇಲ್ಲ, ಸೋಮವಾರ ಎಂದು ಒಂದು ಪದದಲ್ಲಿ ಮುಗಿಯುತ್ತದೆ. (ಈ ಸೋಮವಾರ ಜನವರಿ 26, ರಜೆ. ಮಂಗಳವಾರ ಕೊಟ್ಟರೂ ಟ್ರಯಲ್‌ಗೆ ಕಷ್ಟವೇನಿಲ್ಲ.)

ಕಳಿಸುವ ವಿಚಾರ ಚಿಕ್ಕದು. ಡೆಮೊ ದಿನವೇ ಸಂಜೆ ಹೋಗಿದ್ದರೆ ಇನ್ನೂ ಒಳ್ಳೆಯದಿತ್ತು, ಇವತ್ತು ಊಟದ ಹೊತ್ತಿನೊಳಗಾದರೂ ಹೋಗಲಿ. ಸ್ಟೋರ್ಸ್ ಮತ್ತು ಅಕೌಂಟ್ಸ್ ಇಬ್ಬರೂ "ಟು"ನಲ್ಲಿರಲಿ. ಮಾಲೀಕರು ಹತ್ತು ನಿಮಿಷ ಕೂತಿದ್ದರಿಂದ ಅವರನ್ನು "ಸಿಸಿ"ಗೆ ಹಾಕಬಹುದು, ಆದರೆ ಸ್ಟೋರ್ಸ್‌ನವರಿಗೆ ಮೊದಲು ಫೋನ್ ಮಾಡಿ "ಸರ್‌ಗೂ ಹಾಕ್ತಿದ್ದೀನಿ" ಎಂದು ಹೇಳಿ. ಆಡಿಟರ್ ವಿಳಾಸ ಎಲ್ಲಿಂದಲೋ ಹುಡುಕಿ ನೀವಾಗಿ ಹಾಕುವುದು ಸರಿಯಲ್ಲ. ಬ್ರೋಷರ್ ಬೇಡ. ಡೆಮೊ ರೆಕಾರ್ಡಿಂಗ್ ಕಳಿಸುವುದಾದರೆ ಜಿಮೇಲ್‌ನಲ್ಲಿ 25 ಎಂಬಿ ದಾಟಿದ ಫೈಲ್ ಡ್ರೈವ್ ಲಿಂಕ್ ಆಗಿ ಹೋಗುತ್ತದೆ. ಅನುಮತಿ ತೆರೆದಿಡದಿದ್ದರೆ ಫಾರ್ವರ್ಡ್ ಆದ ಮೇಲೆ ಆಡಿಟರ್‌ಗೆ ಕಾಣುವುದು ಬೀಗ ಮಾತ್ರ. ಕಂಪನಿಯ ಹೊರಗಿನ ಇನ್ನೊಂದು ಐಡಿಯಿಂದ ತೆರೆದು ನೋಡಿ ಕಳಿಸಿ. ಮುಂದಿನ ಮೇಲ್‌ಗಳೆಲ್ಲ ಇದಕ್ಕೇ ರಿಪ್ಲೈ ಆಗಿ ಹೋಗಲಿ. ವಿಷಯದ ಸಾಲು ಬದಲಿಸಿದರೆ ಜಿಮೇಲ್‌ನಲ್ಲಿ ಹೊಸ ಸರಣಿ ಶುರುವಾಗಿ ಹಳೆಯ ದಿನಾಂಕಗಳು ಕಣ್ಮರೆಯಾಗುತ್ತವೆ.

ಪೀಣ್ಯದಲ್ಲಿ ಸ್ಟೋರ್ಸ್‌ನವರು ಮೇಲ್ ನೋಡುವುದಕ್ಕಿಂತ ವಾಟ್ಸ್ಆ್ಯಪ್ ನೋಡುವುದೇ ಹೆಚ್ಚು. ಮೇಲ್ ಹೋದ ಮೇಲೆ ಅಲ್ಲಿ ಒಂದು ಸಾಲು: "ಸರ್, ಮೇಲ್ ಹಾಕಿದ್ದೀನಿ. ಕೆ.ಜಿ.-ನಂಬರ್ ವಿಷಯ ಸರಿಯಾಗಿ ಬರೆದಿದ್ದೀನಾ ನೋಡಿ ಹೇಳಿ." ಇಡೀ ಮೇಲನ್ನು ಅಲ್ಲಿ ಅಂಟಿಸಬೇಡಿ. ಹಾಗೆ ಮಾಡಿದರೆ ಉತ್ತರವೂ ಅಲ್ಲೇ ಬರುತ್ತದೆ, ಮೂರು ವಾರದ ನಂತರ ಯಾರಿಗೂ ಸಿಗುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಏನಾದರೂ ಬದಲಾದರೆ ಅದನ್ನು ಮೇಲ್ ಸರಣಿಗೆ ನೀವೇ ಒಂದು ಸಾಲಾಗಿ ಸೇರಿಸಿ.

ಉತ್ತರ ಬಂದಾಗ ಅದರ ಬಗೆ ನೋಡಿ. "ನೋಟೆಡ್, ಥ್ಯಾಂಕ್ಸ್" ಎಂಬುದಕ್ಕೆ ಹಿಗ್ಗಬೇಡಿ, ಅದರಲ್ಲಿ ಏನೂ ಇಲ್ಲ. ಯಾರಾದರೂ ತಿದ್ದಿದರೆ, "9ಕ್ಕೆ ಆಗಲ್ಲ, 12ಕ್ಕೆ ಇಡಿ" ಅಥವಾ "ಒಂಬತ್ತಲ್ಲ, ಹನ್ನೊಂದು ಪಾರ್ಟಿ" ಎಂದರೆ, ಅವರು ಪೂರ್ತಿ ಓದಿದ್ದಾರೆ ಮತ್ತು ಕ್ಯಾಲೆಂಡರ್ ತೆರೆದಿದ್ದಾರೆ. ಅಗತ್ಯದ ಸಾಲನ್ನು ತಿದ್ದಿದರೆ ಟ್ರಯಲ್ ಬದಲಿಸಬೇಕು. ದಿನಾಂಕ ತಿದ್ದಿದರೆ ತೀರ್ಮಾನ ಮಾಡುವವರು ಒಳಗೆ ಬಂದಿದ್ದಾರೆ. ಬೆಲೆಯ ಸಾಲನ್ನು ಮಾತ್ರ ಹಿಡಿದು "ಬೆಸ್ಟ್ ಪ್ರೈಸ್ ಹೇಳಿ" ಎಂದರೆ ಮೊದಲ ಎರಡು ಅಗತ್ಯಗಳ ಬೆಲೆ ಅವರಿಗೆ ಇನ್ನೂ ಮನದಟ್ಟಾಗಿಲ್ಲ. ಆಗ ರಿಯಾಯಿತಿ ಕೊಡುವ ಬದಲು "ಟ್ರಯಲ್ ಮುಗಿದ ಮೇಲೆ, 9ಕ್ಕೆ ಮಾತಾಡೋಣ ಸರ್" ಎನ್ನಿ.

ಶುಕ್ರವಾರ ಡಿಸಿಗಳು ಬಾರದೆ ಹೋದರೆ ಮಂಗಳವಾರ ಫೋನ್ ಮಾಡಿ, ಮೇಲ್ ಅಲ್ಲ. ಎಕ್ಸೆಲ್ ಕೊಡಲು ಹಿಂಜರಿಕೆ ಇದ್ದರೆ ಅದು ಹೆಚ್ಚಾಗಿ ದರಗಳ ಗುಟ್ಟು. ಜಾಬ್ ವರ್ಕ್ ದರದ ಕಾಲಂ ತೆಗೆದು ಕಳಿಸಿ ಎಂದರೆ ಸಾಮಾನ್ಯವಾಗಿ ಬಗೆಹರಿಯುತ್ತದೆ, ಟ್ರಯಲ್‌ಗೆ ದರ ಬೇಕಾಗಿಯೂ ಇಲ್ಲ. ತಡವಾದಷ್ಟು ದಿನ ಟ್ರಯಲ್, ತಾಳೆ, ತೀರ್ಮಾನ ಮೂರನ್ನೂ ಮುಂದೂಡಿ ಅದೇ ಸರಣಿಯಲ್ಲಿ ಹೊಸ ದಿನಾಂಕಗಳನ್ನು ಬರೆಯಿರಿ. ಮಾರ್ಚ್ 2 ಮಾತ್ರ ಕದಲುವುದಿಲ್ಲ. ಹಿಂದಿನ ದಿನಗಳು ಅದಕ್ಕೆ ಒತ್ತಿಕೊಂಡು ಬರುತ್ತಿರುವುದು ಬರಹದಲ್ಲೇ ಕಾಣುತ್ತದೆ, ನೀವು ಆತುರಪಡಿಸುವ ಮಾತು ಆಡಬೇಕಾಗಿಲ್ಲ.

ಫೆಬ್ರವರಿ 16 ದಾಟಿಯೂ ಸುದ್ದಿಯಿಲ್ಲದಿದ್ದರೆ 18ರಂದು ಒಂದು ಮೇಲ್: "ಸರ್, ಏಪ್ರಿಲ್ 1ಕ್ಕೆ ಶುರುಮಾಡಲು ಈಗ ದಿನ ಸಾಲುವುದು ಕಷ್ಟ. ಅರ್ಧಕ್ಕೆ ತರಾತುರಿಯಲ್ಲಿ ಹಾಕುವುದಕ್ಕಿಂತ ಅಕ್ಟೋಬರ್ 1ರಿಂದ ಹೊಸ ಅರ್ಧವರ್ಷಕ್ಕೆ ಶುರುಮಾಡುವುದು ಒಳ್ಳೆಯದು. ಹಾಗಾದರೆ ಆಗಸ್ಟ್‌ನಲ್ಲಿ ಮಾತಾಡೋಣವೇ, ಅಥವಾ ಇದನ್ನು ಇಲ್ಲಿಗೇ ಬಿಡೋಣವೇ?" ಅಕ್ಟೋಬರ್ 1 ಎನ್ನುವುದು ವಹಿವಾಟು 5 ಕೋಟಿ ಮೀರಿದ್ದು ಐಟಿಸಿ-04 ಆರು ತಿಂಗಳಿಗೊಮ್ಮೆ ಇದ್ದರೆ ಮಾತ್ರ ಹೊಂದುತ್ತದೆ, ಇಲ್ಲವಾದರೆ ಮುಂದಿನ ಏಪ್ರಿಲ್ ಬರೆಯಿರಿ. ಈ ಮೇಲ್‌ಗೆ "ಬೇಡ" ಎಂದು ಬಂದರೆ ಪಟ್ಟಿಯಿಂದ ತೆಗೆಯಿರಿ. "ಇಲ್ಲ ಇಲ್ಲ, ಏಪ್ರಿಲ್‌ಗೇ ಮಾಡಿ" ಎಂದು ಮಾಲೀಕರ ಫೋನ್ ಬಂದರೆ, ಮಾರ್ಚ್ 2ಕ್ಕೆ ಸ್ಟೋರ್ಸ್‌ನಿಂದ ಒಬ್ಬರನ್ನು ಪೂರ್ತಿ ಎರಡು ವಾರ ಬಿಟ್ಟುಕೊಡುತ್ತಾರೆಯೇ ಎಂದು ಕೇಳಿ, ಒಪ್ಪಿದರೆ ಅವತ್ತೇ ಮೇಲ್ ಸರಣಿಗೆ ಬರೆದು ಪಿಒ ಕೇಳಿ.